ಟೆಲಿಗ್ರಾಂ ಗ್ರೂಪ್‌ಗಳಲ್ಲಿ ಅನುವಾದ: ಬೇಡದ ಕಡೆ ಬಂದಾಗ, ಬೇಕಾದ ಕಡೆ ಬಾರದಿದ್ದಾಗ

ಟೆಲಿಗ್ರಾಂನ ಅನುವಾದದ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಮನೆಯವರ ಗ್ರೂಪಿನಲ್ಲಿ ಎಲ್ಲರೂ ಕನ್ನಡದಲ್ಲೇ ಬರೆಯುತ್ತಿದ್ದರೂ ಮೇಲ್ಭಾಗದಲ್ಲಿ Translate to English ಎಂಬ ಅಡ್ಡಪಟ್ಟಿ ಬಂದು ಕೂರುತ್ತದೆ ಎನ್ನುವುದು ಮೊದಲನೆಯದು. ಅದನ್ನು ತೆಗೆದುಹಾಕಿದ ಮೇಲೆ, ಅನುವಾದ ನಿಜವಾಗಿ ಬೇಕಿದ್ದ ಇನ್ನೊಂದು ಗ್ರೂಪಿನಲ್ಲೂ ಅದು ಮಾಯವಾಯಿತು ಎನ್ನುವುದು ಎರಡನೆಯದು. ಎರಡನೆಯ ತೊಂದರೆ ಬಹುಪಾಲು ಮೊದಲನೆಯದನ್ನು ಸರಿಪಡಿಸಲು ಹೋದಾಗಲೇ ಹುಟ್ಟುತ್ತದೆ. ಒಂದೇ ಮೆನುವಿನಲ್ಲಿ ಒಂದರ ಕೆಳಗೊಂದು ಇರುವ ಎರಡು ಆಯ್ಕೆಗಳಲ್ಲಿ ಒಂದು ಆ ಗ್ರೂಪಿಗೆ ಮಾತ್ರ ಸಂಬಂಧಿಸಿದ್ದು, ಇನ್ನೊಂದು ಆ ಭಾಷೆಯ ಎಲ್ಲ ಸಂಭಾಷಣೆಗಳಿಗೂ ಅನ್ವಯಿಸುವಂಥದ್ದು. ಈ ಭೇದವನ್ನು ಆ ಮೆನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಇಲ್ಲಿ ಅದನ್ನೇ ವಿವರವಾಗಿ ನೋಡೋಣ.

ಮೊದಲು: ಅನುವಾದ ಮಾಡುತ್ತಿರುವವರು ಯಾರು?

ಸೆಟ್ಟಿಂಗ್‌ಗೆ ಕೈಹಾಕುವ ಮುನ್ನ ಇದೊಂದನ್ನು ಖಚಿತಪಡಿಸಿಕೊಳ್ಳಿ. ಪರದೆಯ ಮೇಲಿನ ಅಕ್ಷರಗಳನ್ನು ಬದಲಿಸುವ ಶಕ್ತಿ ಟೆಲಿಗ್ರಾಂಗೆ ಮಾತ್ರವಲ್ಲ, ಬ್ರೌಸರ್‌ಗೂ ಕೆಲವು ಫೋನ್‌ಗಳಿಗೂ ಇದೆ. ತಪ್ಪಾದ ಕಡೆ ಹುಡುಕುತ್ತಾ ಹೋದರೆ ಸರಿಯಾಗಿಯೇ ಇದ್ದ ಸೆಟ್ಟಿಂಗ್‌ಗಳೂ ಕೆಡುತ್ತವೆ.

ನೀವು ಕಂಪ್ಯೂಟರಿನಲ್ಲಿ ಕ್ರೋಮ್ ಮೂಲಕ web.telegram.org ತೆರೆದು ಓದುತ್ತಿದ್ದೀರಾದರೆ, ಸಂದೇಶಗಳ ಆಚೆಗೆ ಕಣ್ಣು ಹಾಯಿಸಿ. ಗುಂಡಿಗಳ ಮೇಲಿನ ಪದಗಳು, ಗ್ರೂಪಿನ ಹೆಸರು, ನೀವೇ ಕಳಿಸಿದ ಸಂದೇಶಗಳು ಎಲ್ಲವೂ ಬೇರೆ ಭಾಷೆಗೆ ತಿರುಗಿದ್ದರೆ ಅದು ಬ್ರೌಸರ್‌ನ ಕೆಲಸ. ಅದು ಇಡೀ ಪುಟವನ್ನೇ ಅನುವಾದಿಸುತ್ತದೆ. ಯಾವುದು ಸಂದೇಶ, ಯಾವುದು ಗುಂಡಿ ಎಂಬುದು ಅದಕ್ಕೆ ತಿಳಿಯದು. ವಿಳಾಸದ ಸಾಲಿನಲ್ಲಿರುವ ಅನುವಾದದ ಚಿಹ್ನೆಯನ್ನು ಒತ್ತಿ, ಅದರ ಮೂರು ಚುಕ್ಕಿಗಳ ಮೆನುವಿನಲ್ಲಿ Never translate this site ಆರಿಸಿದರೆ ಸಾಕು. ಅಲ್ಲಿಯೇ ಭಾಷೆಯ ಹೆಸರಿರುವ ಆಯ್ಕೆಯೂ ಕಾಣುತ್ತದೆ. ಅದನ್ನು ಆರಿಸಿದರೆ ಆ ಭಾಷೆಯ ಬೇರೆ ಜಾಲತಾಣಗಳನ್ನೂ ಕ್ರೋಮ್ ತಾನಾಗಿ ಅನುವಾದಿಸುವುದನ್ನು ಬಿಡುತ್ತದೆ.

ಪಿಕ್ಸೆಲ್ ಫೋನ್‌ಗಳಲ್ಲಿ Live Translate ಎಂಬ ಸೌಲಭ್ಯ ಫೋನಿನಲ್ಲೇ ಇದೆ. ಅದು ಚಾಟ್ ಆಪ್‌ಗಳ ಮೇಲೆ ತನ್ನದೇ ಪುಟ್ಟ ಗುಂಡಿಯನ್ನು ತೋರಿಸುತ್ತದೆ. ಬೇರೊಂದು ಚಾಟ್ ಆಪ್ ತೆರೆದಾಗಲೂ ಅದೇ ರೂಪದ ಗುಂಡಿ ಕಂಡರೆ ತೊಂದರೆಯ ಮೂಲ ಫೋನಿನಲ್ಲಿದೆ, ಅದನ್ನು ಫೋನಿನ ಸೆಟ್ಟಿಂಗ್‌ನಲ್ಲೇ ಆಫ್ ಮಾಡಬೇಕು.

ಇವೆರಡೂ ಅಲ್ಲ, ಗ್ರೂಪಿನ ಹೆಸರಿನ ಕೆಳಗೆ ಉದ್ದಕ್ಕೆ ಹರಡಿದ ಅಡ್ಡಪಟ್ಟಿಯಿದೆ, ಅದರ ಬಲತುದಿಯಲ್ಲಿ ಮೆನುವಿನ ಚಿಹ್ನೆಯಿದೆ ಎಂದಾದರೆ ಅದು ಟೆಲಿಗ್ರಾಂನದೇ. ಮುಂದಿನ ಮಾತುಗಳೆಲ್ಲ ಅದರ ಬಗ್ಗೆ.

ಅಡ್ಡಪಟ್ಟಿ ಬರುವುದು ಹೇಗೆ

ಟೆಲಿಗ್ರಾಂನಲ್ಲಿ ಎರಡು ಬಗೆಯ ಅನುವಾದವಿದೆ. ಒಂದು ಸಂದೇಶವನ್ನು ಒತ್ತಿ, ಮೆನುವಿನಿಂದ Translate ಆರಿಸಿ ಆ ಒಂದನ್ನೇ ಓದಿಕೊಳ್ಳುವುದು ಮೊದಲನೆಯದು. ಇದು 2021ರ ಕೊನೆಯಲ್ಲಿ ಬಂತು, ಎಲ್ಲರಿಗೂ ಉಚಿತ. ಇಡೀ ಸಂಭಾಷಣೆಯನ್ನೇ ಅನುವಾದಿಸುವ ಅಡ್ಡಪಟ್ಟಿ 2023ರ ಫೆಬ್ರುವರಿಯಲ್ಲಿ ಬಂತು, ಅದು ಹಣ ಕೊಟ್ಟು ಪಡೆಯುವ ಪ್ರೀಮಿಯಂ ಚಂದಾದಾರರಿಗಾಗಿ. ಆದ್ದರಿಂದ ಪ್ರೀಮಿಯಂ ಇಲ್ಲದವರಿಗೆ ಗ್ರೂಪಿನಲ್ಲಿ ಅಡ್ಡಪಟ್ಟಿ ಬರದಿದ್ದರೆ ಅದರಲ್ಲಿ ದೋಷವೇನೂ ಇಲ್ಲ. ಚಂದಾ ಮುಗಿದು ನವೀಕರಿಸದವರಿಗೂ ಇದೇ ಅನುಭವವಾಗುತ್ತದೆ.

ಗ್ರೂಪ್ ತೆರೆದಾಗ ಆಪ್ ಪರದೆಗೆ ಬಂದ ಕೆಲವು ಸಂದೇಶಗಳನ್ನು ನೋಡಿ, ಅವು ಯಾವ ಭಾಷೆಯವು ಎಂದು ಊಹಿಸುತ್ತದೆ. ಹೆಚ್ಚಿನವು ಒಂದು ಭಾಷೆಯವಾಗಿದ್ದು, ಆ ಭಾಷೆ ನಿಮಗೆ ಗೊತ್ತಿರುವ ಭಾಷೆಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಅಡ್ಡಪಟ್ಟಿ ಹೊರಬರುತ್ತದೆ. ನಿಮಗೆ ಏನು ಗೊತ್ತು ಎಂಬುದನ್ನು ಆಪ್ ನಿಮ್ಮನ್ನು ಕೇಳಿ ತಿಳಿದುಕೊಂಡಿರುವುದಿಲ್ಲ. ಆಪ್‌ನ ಮೆನುಗಳು ಇಂಗ್ಲಿಷಿನಲ್ಲಿದ್ದರೆ ನಿಮಗೆ ಇಂಗ್ಲಿಷ್ ಬರುತ್ತದೆ, ಉಳಿದವು ಅನುವಾದವಾಗಬೇಕು ಎಂದು ಅದು ಹೊರಡುತ್ತದೆ. ಕನ್ನಡಿಗರಲ್ಲಿ ಬಹಳ ಮಂದಿ ಆಪ್ ಅನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತಾರೆ. ಅಪ್ಪಟ ಕನ್ನಡದ ಗ್ರೂಪಿನಲ್ಲಿ Translate to English ಬರುವುದು ಇದರಿಂದಲೇ.

ಅನುವಾದ ನಿಲ್ಲಿಸುವ ನಾಲ್ಕು ಕಡೆಗಳು

ಅನುವಾದವನ್ನು ತೆಗೆಯಲು ಒಟ್ಟು ನಾಲ್ಕು ಜಾಗಗಳಿವೆ. ಪ್ರತಿಯೊಂದರ ವ್ಯಾಪ್ತಿಯೂ ಬೇರೆ.

ಅಡ್ಡಪಟ್ಟಿಯಲ್ಲೇ ಕಾಣುವ Show Original ತೀರ ಹಗುರವಾದದ್ದು. ಅದು ಈಗ ನಡೆಯುತ್ತಿರುವ ಅನುವಾದವನ್ನು ನಿಲ್ಲಿಸಿ ಮೂಲ ಸಂದೇಶಗಳನ್ನು ತೋರಿಸುತ್ತದೆ. ಅಡ್ಡಪಟ್ಟಿ ಅಲ್ಲೇ ಉಳಿಯುತ್ತದೆ.

ಅಡ್ಡಪಟ್ಟಿಯ ಮೆನುವಿನಲ್ಲಿರುವ Hide ಈ ಗ್ರೂಪಿಗೆ ಮಾತ್ರ ಸಂಬಂಧಿಸಿದ್ದು. ಒತ್ತಿದೊಡನೆ ಈ ಗ್ರೂಪಿನಲ್ಲಿ ಅಡ್ಡಪಟ್ಟಿಯನ್ನು ಮರೆಮಾಡಲಾಗಿದೆ ಎಂಬ ಸೂಚನೆ ಕೆಳಗೆ ಕ್ಷಣಕಾಲ ಕಾಣುತ್ತದೆ. ಬೇರೆ ಗ್ರೂಪ್‌ಗಳಿಗೆ ಏನೂ ಆಗುವುದಿಲ್ಲ. ಒಂದು ನಿರ್ದಿಷ್ಟ ಸಂಭಾಷಣೆಯಲ್ಲಿ ಅನುವಾದ ಬೇಡ ಎನ್ನುವವರಿಗೆ ಬೇಕಾದದ್ದು ಇದೇ.

ಅದೇ ಮೆನುವಿನಲ್ಲಿರುವ Do Not Translate ಜೊತೆಗೆ ಒಂದು ಭಾಷೆಯ ಹೆಸರಿರುತ್ತದೆ. ಅದನ್ನು ಒತ್ತಿದರೆ ಆ ಭಾಷೆ ನಿಮಗೆ ಗೊತ್ತಿರುವ ಭಾಷೆಗಳ ಪಟ್ಟಿಗೆ ಸೇರಿಬಿಡುತ್ತದೆ. ಅಲ್ಲಿಂದ ಮುಂದೆ ಯಾವ ಗ್ರೂಪಿನಲ್ಲೂ, ಯಾವ ಚಾನೆಲ್‌ನಲ್ಲೂ ಆ ಭಾಷೆಗೆ ಅಡ್ಡಪಟ್ಟಿ ಬರುವುದಿಲ್ಲ. ಕನ್ನಡ ಓದಬಲ್ಲವರು ಕನ್ನಡವನ್ನು ಹೀಗೆ ಸೇರಿಸುವುದು ಸರಿಯಾದ ಕ್ರಮವೇ. ಒಂದೊಂದು ಕನ್ನಡ ಗ್ರೂಪಿಗೂ ಹೋಗಿ Hide ಒತ್ತುವ ಶ್ರಮ ತಪ್ಪುತ್ತದೆ. ತಪ್ಪಾಗುವುದು ಆ ಹೆಸರನ್ನು ಓದದೆ ಒತ್ತಿದಾಗ.

ನಾಲ್ಕನೆಯದು ಸೆಟ್ಟಿಂಗ್ಸ್‌ನ Language ಪುಟದಲ್ಲಿರುವ Translate Entire Chats. ಅದನ್ನು ಆಫ್ ಮಾಡಿದರೆ ಎಲ್ಲ ಕಡೆಯಲ್ಲೂ ಅಡ್ಡಪಟ್ಟಿ ಹೋಗುತ್ತದೆ. ಅದರ ಪಕ್ಕದ Show Translate Button ಒಂದೊಂದು ಸಂದೇಶದ ಮೆನುವಿನಲ್ಲಿ ಬರುವ ಅನುವಾದದ ಗುಂಡಿಗೆ ಸಂಬಂಧಿಸಿದ್ದು. ಇವೆರಡೂ ಒಂದೇ ಎಂದುಕೊಂಡು ಎರಡನ್ನೂ ಆಫ್ ಮಾಡುವವರು ಇದ್ದಾರೆ. ಅಡ್ಡಪಟ್ಟಿಯ ಕಾಟ ಮಾತ್ರ ಸಾಕಾಗಿದ್ದರೆ Show Translate Button ಅನ್ನು ಮುಟ್ಟಬೇಡಿ. ಎಂದಾದರೂ ಒಂದು ಸಂದೇಶ ಅರ್ಥವಾಗದಿದ್ದಾಗ ಅದು ಬೇಕಾಗುತ್ತದೆ.

ಒಂದು ಪ್ರಕರಣ

ಧಾರವಾಡದಿಂದ ಬಂದು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಮಗನ ಜೊತೆ ಇರುವ ನಿವೃತ್ತ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಅವರ ಫೋನಿನಲ್ಲಿ ಟೆಲಿಗ್ರಾಂ ಪ್ರೀಮಿಯಂ ಇದೆ, ಆಪ್ ಇಂಗ್ಲಿಷಿನಲ್ಲಿದೆ. ಅಪಾರ್ಟ್‌ಮೆಂಟ್ ನಿವಾಸಿಗಳ ಗ್ರೂಪಿನಲ್ಲಿ ನೀರಿನ ಟ್ಯಾಂಕರ್, ಲಿಫ್ಟ್ ದುರಸ್ತಿ, ನಿರ್ವಹಣಾ ಶುಲ್ಕದ ಮಾತುಕತೆ ಹೆಚ್ಚಾಗಿ ಹಿಂದಿಯಲ್ಲಿ, ದೇವನಾಗರಿಯಲ್ಲಿ ನಡೆಯುತ್ತದೆ. ಅವರಿಗೆ ಹಿಂದಿ ಅಷ್ಟಕ್ಕಷ್ಟೆ. ಅದನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದರು. ಇನ್ನೊಂದು ಬಂಧುಗಳ ಗ್ರೂಪ್. ಅಲ್ಲಿ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ: "naale oorige barteeri enu", "oota aata" ಎಂಬಂತೆ.

ದೂರು ಹೀಗಿದೆ: ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಅಡ್ಡಪಟ್ಟಿ ಇದ್ದಕ್ಕಿದ್ದಂತೆ ಬರುವುದು ನಿಂತಿದೆ. ಆ ಗ್ರೂಪಿನಲ್ಲಿ ಅವರು ಏನನ್ನೂ ಬದಲಿಸಿಲ್ಲ.

ಮೊದಲ ಪರೀಕ್ಷೆ: ಆ ಗ್ರೂಪಿನ ಒಂದು ಹಿಂದಿ ಸಂದೇಶವನ್ನು ಒತ್ತಿ ನೋಡುವುದು. ಮೆನುವಿನಲ್ಲಿ Translate ಕೂಡ ಇಲ್ಲ. ಇಂಟರ್ನೆಟ್ ಸಂಪರ್ಕದ ತೊಂದರೆಯಾಗಿದ್ದರೆ ಗುಂಡಿ ಇರುತ್ತಿತ್ತು, ಒತ್ತಿದ ಮೇಲೆ ಅನುವಾದ ಬಾರದೆ ಹೋಗುತ್ತಿತ್ತು. ಗುಂಡಿಯೇ ಇಲ್ಲವೆಂದರೆ ಹಿಂದಿಯನ್ನು ಅನುವಾದಿಸುವ ಅಗತ್ಯವಿಲ್ಲ ಎಂದು ಆಪ್ ತಿಳಿದಿದೆ.

ಎರಡನೆಯ ಪರೀಕ್ಷೆ: ಅದೇ ಖಾತೆಯನ್ನು ಮಗನ ಲ್ಯಾಪ್‌ಟಾಪಿನಲ್ಲಿರುವ ಟೆಲಿಗ್ರಾಂ ಡೆಸ್ಕ್‌ಟಾಪ್‌ನಲ್ಲಿ ತೆರೆಯುವುದು. ಅಲ್ಲಿ ಅದೇ ಗ್ರೂಪಿನಲ್ಲಿ ಅಡ್ಡಪಟ್ಟಿ ಬರುತ್ತದೆ. ಇದು ಬಹಳ ಬೆಲೆಯುಳ್ಳ ಸುಳಿವು. ಒಂದು ಗ್ರೂಪಿಗೆ Hide ಒತ್ತಿದರೆ ಆ ಮಾಹಿತಿ ನಿಮ್ಮ ಖಾತೆಯ ಜೊತೆ ಟೆಲಿಗ್ರಾಂ ಸರ್ವರ್‌ಗೆ ಹೋಗುತ್ತದೆ, ಹಾಗಾಗಿ ಎಲ್ಲ ಸಾಧನಗಳಲ್ಲೂ ಅಡ್ಡಪಟ್ಟಿ ಮರೆಯಾಗುತ್ತದೆ. Do Not Translate ಪಟ್ಟಿಯಾದರೋ ಆಯಾ ಸಾಧನದಲ್ಲೇ ಉಳಿಯುತ್ತದೆ. ಫೋನಿನಲ್ಲಿ ಇಲ್ಲ, ಲ್ಯಾಪ್‌ಟಾಪಿನಲ್ಲಿ ಇದೆ ಎಂದರೆ ಫೋನಿನ ಭಾಷಾಪಟ್ಟಿಯ ಮೇಲೆಯೇ ಅನುಮಾನ ಪಡಬೇಕು.

ಸೆಟ್ಟಿಂಗ್ಸ್, Language, Do Not Translate ತೆರೆದಾಗ ಉತ್ತರ ಸಿಗುತ್ತದೆ. ಇಂಗ್ಲಿಷಿನ ಜೊತೆ ಹಿಂದಿಗೂ ಗುರುತು ಬಿದ್ದಿದೆ. ಕನ್ನಡಕ್ಕೆ ಬಿದ್ದಿಲ್ಲ.

ಹಿಂದಿ ಅಲ್ಲಿಗೆ ಬಂದದ್ದು ಬಂಧುಗಳ ಗ್ರೂಪಿನಿಂದ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವನ್ನು ಆಪ್ ಕನ್ನಡವೆಂದು ಗುರುತಿಸುವುದಿಲ್ಲ. ಕನ್ನಡ ಲಿಪಿ ಕಂಡರೆ ಅದಕ್ಕೆ ಗೊಂದಲವಿಲ್ಲ, ಏಕೆಂದರೆ ಲಿಪಿಯೇ ಭಾಷೆಯನ್ನು ಹೇಳಿಬಿಡುತ್ತದೆ. ರೋಮನ್ ಅಕ್ಷರಗಳಾದರೆ ಅಕ್ಷರಗಳ ಜೋಡಣೆಯನ್ನು ನೋಡಿ ಹತ್ತಿರದ ಯಾವುದೋ ಭಾಷೆಯನ್ನು ಆರಿಸುತ್ತದೆ. ಆಂಡ್ರಾಯ್ಡ್ ಆಪ್‌ಗಳು ಬಳಸುವ ಗೂಗಲ್‌ನ ಎಂಎಲ್ ಕಿಟ್ ಎಂಬ ಭಾಷೆ ಗುರುತಿಸುವ ಸಾಧನಕ್ಕೆ ರೋಮನ್ ಅಕ್ಷರಗಳ ಹಿಂದಿ ಗೊತ್ತು, ರೋಮನ್ ಅಕ್ಷರಗಳ ಕನ್ನಡ ಗೊತ್ತಿಲ್ಲ. ಬಂಧುಗಳ ಗ್ರೂಪಿನಲ್ಲಿ ಆಪ್ ಕನ್ನಡವನ್ನು ಹಿಂದಿಯೆಂದು ಬಗೆದು ಅಡ್ಡಪಟ್ಟಿ ತೋರಿಸಿದೆ. ಅವರು ಬೇಸತ್ತು ಮೆನು ತೆರೆದು Do Not Translate Hindi ಒತ್ತಿದ್ದಾರೆ. ಬಂಧುಗಳ ಗ್ರೂಪಿನ ಕಾಟ ನಿಂತಿತು, ಅಪಾರ್ಟ್‌ಮೆಂಟಿನ ಗ್ರೂಪಿನ ಅನುವಾದವೂ ಅದರೊಂದಿಗೇ ಹೋಯಿತು.

ಆ ಮೆನುವಿನಲ್ಲಿ ಬರುವ ಭಾಷೆಯ ಹೆಸರನ್ನು ಎಂದೂ ಓದದೆ ಬಿಡಬಾರದು. ಆಪ್ ಏನೆಂದು ಊಹಿಸಿದೆ ಎಂಬುದು ನಮಗೆ ಕಣ್ಣಿಗೆ ಬೀಳುವ ಜಾಗ ಅದೊಂದೇ. ಕನ್ನಡದ ಗ್ರೂಪಿನಲ್ಲಿ ಬೇರೆ ಭಾಷೆಯ ಹೆಸರು ಕಂಡರೆ ಊಹೆ ತಪ್ಪಿದೆ ಎಂದೇ ಅರ್ಥ. ಅಂಥಲ್ಲಿ ಬಳಸಬೇಕಾದದ್ದು Hide.

ಸರಿಪಡಿಸುವ ಕ್ರಮ ಹೀಗೆ:

1. Do Not Translate ಪಟ್ಟಿಯಲ್ಲಿ ಹಿಂದಿಯ ಗುರುತನ್ನು ತೆಗೆದು, ಕನ್ನಡಕ್ಕೆ ಗುರುತು ಹಾಕಿ.
2. ಬಂಧುಗಳ ಗ್ರೂಪಿಗೆ ಹೋಗಿ. ಹಿಂದಿಯನ್ನು ಪಟ್ಟಿಯಿಂದ ತೆಗೆದದ್ದರಿಂದ ಅಡ್ಡಪಟ್ಟಿ ಮತ್ತೆ ಬರುತ್ತದೆ. ಅನುವಾದ ನಡೆಯುತ್ತಿದ್ದರೆ ಮೊದಲು Show Original ಒತ್ತಿ, ಆಮೇಲೆ ಮೆನುವಿನಲ್ಲಿ Hide ಆರಿಸಿ. ಈ ಕ್ರಮದಲ್ಲೇ ಮಾಡಿದರೆ ಗ್ರೂಪ್ ಮೂಲ ರೂಪದಲ್ಲಿ ಇದೆ ಎಂಬುದನ್ನು ಕಣ್ಣಾರೆ ಕಂಡೇ ಅಡ್ಡಪಟ್ಟಿಯನ್ನು ಕಳಿಸಿದಂತಾಗುತ್ತದೆ.
3. ಅಪಾರ್ಟ್‌ಮೆಂಟ್ ಗ್ರೂಪ್ ತೆರೆದು, ಸಂದೇಶಗಳನ್ನು ಸ್ವಲ್ಪ ಮೇಲಕ್ಕೆ ಸರಿಸಿ. ಅಡ್ಡಪಟ್ಟಿ ಬಂದ ಮೇಲೆ, ಅದು ಇಂಗ್ಲಿಷಿಗೆ ಅನುವಾದಿಸುತ್ತೇನೆ ಎಂದರೆ ಮೆನುವಿನಲ್ಲಿ ಭಾಷೆಯನ್ನು ಬದಲಿಸಿ ಕನ್ನಡ ಆರಿಸಿ.

ಕೆಲಸ ಆಯಿತೇ ಎಂದು ತಿಳಿಯಲು ಎರಡು ಗ್ರೂಪ್‌ಗಳನ್ನೂ ಮುಚ್ಚಿ ತೆರೆದರೆ ಸಾಲದು. ಹೊಸ ಸಂದೇಶಗಳು ಬಂದ ಮೇಲೆ ನೋಡಿ. ಬಂಧುಗಳು ನಾಳೆ ಏನು ಬರೆದರೂ ಆಪ್ ಅದನ್ನು ಯಾವ ಭಾಷೆಯೆಂದು ಬಗೆದರೂ ಅಡ್ಡಪಟ್ಟಿ ಬಾರದಿದ್ದರೆ Hide ಸರಿಯಾಗಿ ಕೂತಿದೆ.

ಮರೆಮಾಡಿದ್ದನ್ನು ಮರಳಿ ತರುವುದು

Hide ಒತ್ತಿದ ಗ್ರೂಪಿನಲ್ಲಿ ಮುಂದೆ ಅನುವಾದ ಬೇಕೆನಿಸಿದರೆ ಹಲವರು ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕುತ್ತಾರೆ. ಅಲ್ಲಿ ಮರೆಮಾಡಿದ ಗ್ರೂಪ್‌ಗಳ ಪಟ್ಟಿ ಇಲ್ಲ. ಅದೇ ಗ್ರೂಪನ್ನು ತೆರೆದು, ಮೇಲ್ಭಾಗದ ಮೂರು ಚುಕ್ಕಿಗಳ ಮೆನುವಿನಲ್ಲಿ Translate ಇದೆಯೇ ನೋಡಿ. ಐಫೋನ್‌ನಲ್ಲಾದರೆ ಗ್ರೂಪಿನ ಹೆಸರನ್ನು ಒತ್ತಿ ಬರುವ ಮಾಹಿತಿ ಪುಟದ ಇನ್ನಷ್ಟು ಆಯ್ಕೆಗಳಲ್ಲಿ ಹುಡುಕಿ. ಅಲ್ಲಿಂದ ಒತ್ತಿದರೆ ಅಡ್ಡಪಟ್ಟಿ ಮರಳುತ್ತದೆ. ಅಲ್ಲೂ Translate ಇಲ್ಲವಾದರೆ ಗ್ರೂಪಿನ ಸಂದೇಶಗಳಲ್ಲಿ ಹೆಚ್ಚಿನವು ನಿಮ್ಮ Do Not Translate ಪಟ್ಟಿಯಲ್ಲಿರುವ ಭಾಷೆಯವೇ ಆಗಿರಬಹುದು, ಇಲ್ಲವೇ ಭಾಷೆಯನ್ನು ತೀರ್ಮಾನಿಸುವಷ್ಟು ಪಠ್ಯ ಅಲ್ಲಿ ಇಲ್ಲದಿರಬಹುದು. ಹೂವಿನ ಚಿತ್ರ, ಸ್ಟಿಕ್ಕರ್, ಒಂದೆರಡು ಪದದ ಶುಭೋದಯಗಳೇ ತುಂಬಿದ ಗ್ರೂಪಿನಲ್ಲಿ ಇದು ಸಹಜ.

ಕನ್ನಡ, ತಮಿಳು, ಇಂಗ್ಲಿಷ್ ಕಲೆತ ಗ್ರೂಪ್‌ಗಳಲ್ಲಿ ಅಡ್ಡಪಟ್ಟಿ ಒಂದು ದಿನ ಬಂದು ಇನ್ನೊಂದು ದಿನ ಬಾರದಿರುವುದೂ ಇದೇ ಕಾರಣಕ್ಕೆ. ಆ ಹೊತ್ತಿಗೆ ಪರದೆಯಲ್ಲಿರುವ ಸಂದೇಶಗಳಲ್ಲಿ ಯಾವ ಭಾಷೆಯ ಪಾಲು ಹೆಚ್ಚು ಎಂಬುದರ ಮೇಲೆ ಅದರ ನಿರ್ಧಾರ ನಿಂತಿದೆ. ಅಂಥ ಗ್ರೂಪಿನಲ್ಲಿ ಇಡೀ ಸಂಭಾಷಣೆಯ ಅನುವಾದಕ್ಕಿಂತ, ಅರ್ಥವಾಗದ ಒಂದು ಸಂದೇಶವನ್ನು ಒತ್ತಿ Translate ಮಾಡಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ದೋಷದಂತೆ ಕಂಡರೂ ದೋಷವಲ್ಲದವು

ಅನುವಾದ ನಡೆಯುತ್ತಿರುವಾಗಲೂ ನೀವೇ ಕಳಿಸಿದ ಸಂದೇಶಗಳು ಮೂಲ ಭಾಷೆಯಲ್ಲೇ ಉಳಿಯುತ್ತವೆ. ಚಿತ್ರದ ಕೆಳಗಿನ ಒಕ್ಕಣೆ ಅನುವಾದವಾಗುತ್ತದೆ, ಚಿತ್ರದೊಳಗೆ ಅಚ್ಚಾಗಿರುವ ಅಕ್ಷರಗಳು ಆಗುವುದಿಲ್ಲ. ಸಂಘದ ಸುತ್ತೋಲೆಯನ್ನು ಫೋಟೊ ತೆಗೆದು ಹಾಕಿದ್ದರೆ ಅದು ಹಾಗೆಯೇ ಇರುತ್ತದೆ. ಗ್ರೂಪಿನಲ್ಲಿ ಪದ ಹುಡುಕುವಾಗ ಮೂಲ ಸಂದೇಶದ ಪದವನ್ನೇ ಹಾಕಬೇಕು. ಪರದೆಯಲ್ಲಿ ಕನ್ನಡದಲ್ಲಿ "ನೀರು" ಎಂದು ಕಂಡರೂ ಮೂಲ ಹಿಂದಿಯಲ್ಲಿದ್ದರೆ "ನೀರು" ಎಂದು ಹುಡುಕಿದರೆ ಸಿಗದು.

ರೋಮನ್ ಅಕ್ಷರಗಳ ಕನ್ನಡದ ಅನುವಾದ ಅರ್ಥವಿಲ್ಲದಂತೆ ಬಂದರೆ ಸೆಟ್ಟಿಂಗ್‌ಗಳಲ್ಲಿ ಅದಕ್ಕೆ ಪರಿಹಾರವಿಲ್ಲ. ಕನ್ನಡ ಬಾರದ ಸೊಸೆಯೋ ಅಳಿಯನೋ ಅನುವಾದದ ಮೂಲಕ ಓದುವ ಗ್ರೂಪಾಗಿದ್ದರೆ, ಉಳಿದವರು ಕನ್ನಡ ಲಿಪಿಯಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಅನುವಾದದ ಗುಣಮಟ್ಟದಲ್ಲಿ ಇದರಷ್ಟು ವ್ಯತ್ಯಾಸ ತರುವ ಬೇರೆ ಉಪಾಯವಿಲ್ಲ.

ವಾಟ್ಸ್‌ಆ್ಯಪ್‌ನಲ್ಲಾದರೆ

ವಾಟ್ಸ್‌ಆ್ಯಪ್ 2025ರ ಸೆಪ್ಟೆಂಬರಿನಲ್ಲಿ ತನ್ನದೇ ಅನುವಾದವನ್ನು ತಂದಿತು. ಅಲ್ಲಿ ಸಂದೇಶವನ್ನು ಒತ್ತಿ ಹಿಡಿದು Translate ಆರಿಸಬೇಕು. ಇಡೀ ಸಂಭಾಷಣೆಯ ಸ್ವಯಂಚಾಲಿತ ಅನುವಾದವನ್ನು ಮೊದಲು ಆಂಡ್ರಾಯ್ಡ್‌ಗೆ ಕೊಟ್ಟರು. ಆಂಡ್ರಾಯ್ಡ್‌ನಲ್ಲಿ ಆರಂಭವಾದದ್ದು ಆರು ಭಾಷೆಗಳೊಂದಿಗೆ: ಇಂಗ್ಲಿಷ್, ಸ್ಪ್ಯಾನಿಷ್, ಹಿಂದಿ, ಪೋರ್ಚುಗೀಸ್, ರಷ್ಯನ್, ಅರೇಬಿಕ್. ಕನ್ನಡ ಅವುಗಳಲ್ಲಿ ಇರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ಫೋನನ್ನು ಮರುಹೊಂದಿಸುವ ಸಾಹಸಕ್ಕೆ ಹೋಗಬೇಡಿ. ಆಪ್ ನವೀಕರಿಸಿ ನೋಡಿ, ಆಗಲೂ ಇಲ್ಲವಾದರೆ ಅಷ್ಟಕ್ಕೆ ಬಿಡಿ.

ವಾಟ್ಸ್‌ಆ್ಯಪ್ ಅನುವಾದ ಫೋನಿನೊಳಗೇ ನಡೆಯುತ್ತದೆ, ಅದಕ್ಕಾಗಿ ಭಾಷೆಯ ಕಡತವನ್ನು ಇಳಿಸಿಕೊಳ್ಳಬೇಕು. ಮೊದಲ ಬಾರಿ ಒತ್ತಿದಾಗ ತಡವಾಗುವುದು ಅಥವಾ ಫೋನಿನಲ್ಲಿ ಜಾಗವಿಲ್ಲದೆ ನಿಲ್ಲುವುದು ಇದರಿಂದ.

ಗ್ರೂಪಿನ ಗುಟ್ಟು

ಟೆಲಿಗ್ರಾಂನಲ್ಲಿ ನೀವು ಅನುವಾದಿಸಿದ ಸಂದೇಶದ ಪಠ್ಯ ಫೋನಿನಿಂದ ಹೊರಗೆ ಹೋಗುತ್ತದೆ. ಅನುವಾದಿಸುವ ಸಂದೇಶಗಳು ಗೂಗಲ್‌ಗೆ ದೊರಕಬಹುದು ಎಂದು Language ಪುಟದಲ್ಲೇ ಬರೆದಿದೆ. ಆಸ್ಪತ್ರೆಯ ವರದಿ, ಆಸ್ತಿಯ ಮಾತು ಓಡಾಡುವ ಗ್ರೂಪಿನಲ್ಲಿ ಇದನ್ನು ನೆನಪಿಟ್ಟುಕೊಳ್ಳಿ. ಆದರೆ ನೀವು ಒತ್ತಿದ Hide ನಿಮ್ಮ ಖಾತೆಗೆ ಮಾತ್ರ ಅನ್ವಯ. ಗ್ರೂಪಿನ ಅಡ್ಮಿನ್ ಆಗಿದ್ದರೂ ಉಳಿದ ಸದಸ್ಯರು ತಮ್ಮ ಫೋನಿನಲ್ಲಿ ಅನುವಾದಿಸಿಕೊಳ್ಳುವುದನ್ನು ತಡೆಯುವ ಗುಂಡಿ ನಿಮ್ಮ ಬಳಿ ಇಲ್ಲ. ಹೊರಗೆ ಹೋಗಬಾರದ ಮಾತಿದ್ದರೆ ಅದನ್ನು ಗ್ರೂಪಿನಲ್ಲಿ ಬರೆಯದೆ, ಸಂಬಂಧಪಟ್ಟವರೊಡನೆ ಸೀಕ್ರೆಟ್ ಚಾಟ್‌ನಲ್ಲಿ ಆಡಿ. ಇಡೀ ಸಂಭಾಷಣೆಯನ್ನು ಅನುವಾದಿಸುವ ಅಡ್ಡಪಟ್ಟಿ ಅಲ್ಲಿಗೆ ಬರುವುದಿಲ್ಲ.